ತಿಪಟೂರಿನ ಒಂದು ಕೊಬ್ಬರಿ ಮಂಡಿ: 300 ಕ್ವಿಂಟಲ್ ದಾಸ್ತಾನಿನ ಬೆಲೆ ಇಳಿಸಿದ ಪ್ರಕರಣ

ತುಮಕೂರು ಜಿಲ್ಲೆಯಲ್ಲಿ ಲೆಕ್ಕಪರಿಶೋಧನೆ ಮಾಡುವ ನನಗೆ ಮಾರ್ಚ್ ಕೊನೆಯ ವಾರ ಗೋದಾಮುಗಳಲ್ಲೇ ಕಳೆಯುತ್ತದೆ. ಇಲ್ಲಿ ಬರೆಯುತ್ತಿರುವುದು 2023ರ ಮಾರ್ಚ್ 31ರ ಒಂದು ದಾಸ್ತಾನಿನ ಕಥೆ. ಸಂಸ್ಥೆ ಯಾವುದೆಂದು ಗೊತ್ತಾಗದಿರಲೆಂದು ಪ್ರಮಾಣ ಮತ್ತು ದರಗಳನ್ನು ಬದಲಿಸಿದ್ದೇನೆ. ನಡೆದ ಚರ್ಚೆ, ಆದ ತಪ್ಪುಗಳು ಮತ್ತು ಅವುಗಳನ್ನು ಸರಿಪಡಿಸಿದ ಬಗೆ ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಹಿನ್ನೆಲೆ

ತಿಪಟೂರು ತಾಲ್ಲೂಕಿನಲ್ಲಿ ಅಣ್ಣ ತಮ್ಮ ಇಬ್ಬರ ಪಾಲುದಾರಿಕೆ ಸಂಸ್ಥೆ ಇದು. ಉಂಡೆ ಕೊಬ್ಬರಿ ಕೊಂಡು ಉತ್ತರದ ರಾಜ್ಯಗಳ ವ್ಯಾಪಾರಿಗಳಿಗೆ ಕಳುಹಿಸುವುದು ಮುಖ್ಯ ವ್ಯವಹಾರ. ಜೊತೆಗೆ ಹಿತ್ತಲಿನಲ್ಲಿ ಒಂದು ಗಾಣವಿದೆ. ಹೋಳು ಕೊಬ್ಬರಿಯಿಂದ ಎಣ್ಣೆ ತೆಗೆದು ಪ್ಯಾಕ್ ಮಾಡಿ ಸುತ್ತಲಿನ ಅಂಗಡಿಗಳಿಗೆ ಹಾಕುತ್ತಾರೆ. ಅಣ್ಣನವರನ್ನು ಊರಿನಲ್ಲಿ ಎಲ್ಲರೂ ಯಜಮಾನರು ಎನ್ನುತ್ತಾರೆ. ಲೆಕ್ಕ ನೋಡಿಕೊಳ್ಳುವುದು ಬಿ.ಕಾಂ. ಮುಗಿಸಿದ ಒಬ್ಬ ಹೆಣ್ಣುಮಗಳು. ಬಹಳ ಶ್ರದ್ಧೆಯವಳು. ಈ ಪ್ರಕರಣದಲ್ಲಿ ಅವಳು ಮಾಡಿದ ತಪ್ಪನ್ನು ಹತ್ತು ವರ್ಷ ಅನುಭವವಿದ್ದವರೂ ಮಾಡುತ್ತಾರೆ.

ಅಂದು ಸಂಜೆ ಎಣಿಸಿ ತೂಗಿದಾಗ ಸಿಕ್ಕ ದಾಸ್ತಾನು ಮೂರು ಬಗೆಯದು. ಉಂಡೆ ಕೊಬ್ಬರಿ 300 ಕ್ವಿಂಟಲ್. ಅದರ ಸರಾಸರಿ ವೆಚ್ಚ ಕ್ವಿಂಟಲ್‌ಗೆ 11,200 ರೂಪಾಯಿ. ಕೊಂಡ ಬೆಲೆ, ಮಾರುಕಟ್ಟೆ ಶುಲ್ಕ, ಗೋದಾಮಿಗೆ ತಂದಿಳಿಸಿದ ಹಮಾಲಿ ಎಲ್ಲವೂ ಇದರಲ್ಲಿ ಸೇರಿವೆ. ಗಾಣಕ್ಕೆಂದು ಕೊಂಡ ಹೋಳು ಕೊಬ್ಬರಿ 40 ಕ್ವಿಂಟಲ್, ತಲಾ 9,500. ಪ್ಯಾಕ್ ಆದ ಎಣ್ಣೆ 1,500 ಕಿಲೋ, ತಲಾ 168. ಒಟ್ಟು ವೆಚ್ಚ 39,92,000 ರೂಪಾಯಿ. ತಮ್ಮನವರು ಉಂಡೆ ಕೊಬ್ಬರಿಯ ವೆಚ್ಚಕ್ಕೆ ಗೋದಾಮಿನ ಬಾಡಿಗೆಯನ್ನೂ ಬ್ಯಾಂಕ್ ಬಡ್ಡಿಯನ್ನೂ ಸೇರಿಸಿ ಇಟ್ಟುಕೊಂಡಿದ್ದರು. ಕೊಂಡ ಸರಕನ್ನು ಸುಮ್ಮನೆ ಇಟ್ಟುಕೊಂಡದ್ದಕ್ಕೆ ತಗುಲಿದ ಖರ್ಚು ಆಯಾ ವರ್ಷದ ಖರ್ಚೇ ಹೊರತು ದಾಸ್ತಾನಿನ ವೆಚ್ಚವಲ್ಲ. ಅದನ್ನು ಮೊದಲೇ ತೆಗೆಸಿದೆ.

ಯಜಮಾನರು ಒಂದು ಚೀಲದ ಬಾಯಿ ಬಿಚ್ಚಿ, ಒಂದು ಉಂಡೆ ತೆಗೆದು ನೆಲಕ್ಕೆ ಕುಟ್ಟಿ ಒಡೆದು ನನ್ನ ಕೈಗಿಟ್ಟರು. ಒಳಗೆ ಬೆಳ್ಳಗೆ, ಬೂಷ್ಟಿಲ್ಲ, ಕಮಟು ವಾಸನೆಯಿಲ್ಲ. “ನೋಡಿ ಸ್ವಾಮಿ, ಇಂಥ ಮಾಲಿಗೆ ನಷ್ಟ ಬರೆಯಿರಿ ಎನ್ನುತ್ತೀರಲ್ಲ” ಎಂದರು. ಅವರ ಮಾತಿನಲ್ಲಿ ನೋವಿತ್ತು. ಸರಕು ಕೆಟ್ಟಿರಲಿಲ್ಲ, ನಿಜ. ಕೆಟ್ಟಿದ್ದು ಬೆಲೆ.

ಸಮಸ್ಯೆ

ಲೆಕ್ಕಪತ್ರ ಮಾನದಂಡ 2 ಹೇಳುವುದು ಇಷ್ಟು: ವರ್ಷದ ಕೊನೆಯಲ್ಲಿ ದಾಸ್ತಾನನ್ನು ಅದರ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ತೋರಿಸಬೇಕು. ವ್ಯಾಪಾರದ ಸಹಜ ಕ್ರಮದಲ್ಲಿ ಮಾರಿದರೆ ಬರಬಹುದಾದ ಬೆಲೆಯಿಂದ, ಸರಕನ್ನು ಸಿದ್ಧಗೊಳಿಸಲು ಇನ್ನೂ ಆಗಬೇಕಾದ ಖರ್ಚನ್ನೂ ಮಾರಾಟಕ್ಕೆ ತಗುಲುವ ಖರ್ಚನ್ನೂ ಕಳೆದರೆ ಕೈಗೆ ಉಳಿಯುವ ಹಣವೇ ನಿವ್ವಳ ವಸೂಲಿ ಮೌಲ್ಯ. ಮಾರಿದರೆ ಬಾರದ ಹಣವನ್ನು ಆಸ್ತಿ ಎಂದು ಹೊತ್ತುಕೊಂಡು ಹೋಗಬಾರದು ಎಂಬುದು ಇದರ ಹಿಂದಿನ ತರ್ಕ.

ಆ ವಾರ ಇವರ ದರ್ಜೆಯ ಉಂಡೆ ಕೊಬ್ಬರಿಗೆ ಸಿಗುತ್ತಿದ್ದದ್ದು ಕ್ವಿಂಟಲ್‌ಗೆ 9,000. ವೆಚ್ಚ 11,200. ಇಲ್ಲಿ ಬೆಲೆ ಇಳಿಸಲೇಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಎಷ್ಟು ಎಂಬಲ್ಲಿ ಎಲ್ಲರೂ ಒಂದೊಂದು ದಿಕ್ಕು ಹಿಡಿದರು.

ಯಜಮಾನರ ವಾದ ಬಲವಾದದ್ದೇ ಆಗಿತ್ತು. “ಸರ್ಕಾರವೇ ಉಂಡೆ ಕೊಬ್ಬರಿಗೆ 11,750 ಬೆಂಬಲ ಬೆಲೆ ಘೋಷಿಸಿದೆ. ನನ್ನ ವೆಚ್ಚ ಅದಕ್ಕಿಂತ ಕಡಿಮೆ. ಹಾಗಿದ್ದರೆ ನಷ್ಟ ಎಲ್ಲಿಂದ ಬಂತು?” 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ್ದ ಬೆಂಬಲ ಬೆಲೆ ನಿಜಕ್ಕೂ 11,750. ಪತ್ರಿಕೆಯ ತುಂಡನ್ನು ಅವರು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಆದರೆ ಆ ಬೆಲೆಗೆ ಖರೀದಿ ಕೇಂದ್ರದಲ್ಲಿ ಕೊಡಬಲ್ಲವನು ರೈತ ಮಾತ್ರ. ಪಹಣಿ ಮತ್ತು ಸರ್ಕಾರದ ರೈತರ ಪಟ್ಟಿಯಾದ ಫ್ರೂಟ್ಸ್‌ನಲ್ಲಿ ನೋಂದಣಿ ಕೇಳುತ್ತಾರೆ. ವ್ಯಾಪಾರಿಯ ಗೋದಾಮಿನ ಕೊಬ್ಬರಿಗೆ ಆ ಬಾಗಿಲು ತೆರೆದಿಲ್ಲ. ನಿವ್ವಳ ವಸೂಲಿ ಮೌಲ್ಯ ಎಂದರೆ ಈ ಸಂಸ್ಥೆ, ತನ್ನ ಸಹಜ ವ್ಯಾಪಾರದಲ್ಲಿ, ವಸೂಲು ಮಾಡಬಲ್ಲ ಹಣ. ಬೇರೆಯವರಿಗೆ ಸಿಗುವ ಬೆಲೆ ಎಷ್ಟೇ ಅಧಿಕೃತವಾಗಿದ್ದರೂ ಇವರ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಹೇಳಿದಾಗ ಅವರು ತುಂಡನ್ನು ಮಡಚಿ ಮತ್ತೆ ಜೇಬಿಗಿಟ್ಟುಕೊಂಡರು. ಒಪ್ಪಿದಂತೆ ಕಾಣಲಿಲ್ಲ, ಆದರೆ ಆ ವಾದವನ್ನು ಮತ್ತೆ ಎತ್ತಲಿಲ್ಲ.

ಅವರ ನಿಜವಾದ ಆತಂಕ ಬೇರೆ ಇತ್ತು ಎಂದು ನನಗೆ ತಿಳಿದದ್ದು ಕಾಫಿ ಬಂದ ಮೇಲೆ. ಸಂಸ್ಥೆಗೆ ಬ್ಯಾಂಕಿನಲ್ಲಿ ದಾಸ್ತಾನಿನ ಆಧಾರದ ಮೇಲೆ ಕ್ಯಾಶ್ ಕ್ರೆಡಿಟ್ ಸಾಲವಿದೆ. ದಾಸ್ತಾನಿನ ಬೆಲೆಯಲ್ಲಿ ಶೇ 25 ಕಳೆದು ಉಳಿದದ್ದಕ್ಕೆ ಹಣ ತೆಗೆಯಲು ಬಿಡುತ್ತಾರೆ. ದಾಸ್ತಾನು ಇಳಿದರೆ ಆ ಮಿತಿಯೂ ಇಳಿಯುತ್ತದೆ. ಲೆಕ್ಕ ಬರೆಯುವಾಗ ಇಂಥ ಭಯಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಡುವುದು ಒಳ್ಳೆಯದು. ಒಳಗೇ ಉಳಿದರೆ ಅವು ಅಂಕಿಗಳನ್ನು ತಿದ್ದತೊಡಗುತ್ತವೆ.

ಮೊದಲ ಕರಡು: 7,28,000

ಲೆಕ್ಕದ ಹುಡುಗಿ ತಯಾರಿಸಿದ ಮೊದಲ ಕರಡು ಎಲ್ಲವನ್ನೂ ಅಂದಿನ ಮಾರುಕಟ್ಟೆ ದರಕ್ಕೆ ಇಳಿಸಿತ್ತು. ಉಂಡೆ ಕೊಬ್ಬರಿ 300 ಕ್ವಿಂಟಲ್‌ಗೆ ತಲಾ 2,200ರಂತೆ 6,60,000. ಹೋಳು ಕೊಬ್ಬರಿಯ ದರ 7,800ಕ್ಕೆ ಬಿದ್ದಿದ್ದರಿಂದ 40 ಕ್ವಿಂಟಲ್‌ಗೆ ತಲಾ 1,700ರಂತೆ 68,000. ಒಟ್ಟು 7,28,000 ರೂಪಾಯಿ. “ಜಾಸ್ತಿ ನಷ್ಟ ತೋರಿಸಿದರೆ ಯಾರೂ ತಪ್ಪು ಹಿಡಿಯುವುದಿಲ್ಲ ಅಲ್ಲವೇ ಸರ್?” ಎಂದಳು. ಇದು ಬಹಳ ಕಡೆ ಇರುವ ನಂಬಿಕೆ. ಆದರೆ ಈ ವರ್ಷ ಹೆಚ್ಚಾಗಿ ಬರೆದ ನಷ್ಟ ಮುಂದಿನ ವರ್ಷ ಲಾಭವಾಗಿ ಮೇಲೆದ್ದು ಬರುತ್ತದೆ. ಆಗ ಎರಡು ವರ್ಷದ ಲೆಕ್ಕವೂ ಸುಳ್ಳಾಗುತ್ತದೆ.

ಕರಡಿನಲ್ಲಿ ಮೂರು ತಪ್ಪುಗಳಿದ್ದವು. ಚಿಕ್ಕದು ಮೊದಲು: 9,000 ಪೂರ್ತಿ ಕೈಗೆ ಬರುವುದಿಲ್ಲ. ದಲ್ಲಾಳಿ, ಚೀಲ, ಲಾರಿಗೆ ತುಂಬುವ ಹಮಾಲಿ ಸೇರಿ ಕ್ವಿಂಟಲ್‌ಗೆ ಸುಮಾರು 200 ಹೋಗುತ್ತದೆ. ಹಿಂದಿನ ಮೂರು ತಿಂಗಳ ಬಿಲ್ಲುಗಳಿಂದ ಈ ಅಂಕಿ ತೆಗೆದೆವು. ಉಳಿಯುವುದು 8,800.

ಎರಡನೆಯದು ಒಪ್ಪಂದದ್ದು. 300 ಕ್ವಿಂಟಲ್‌ನಲ್ಲಿ 120ನ್ನು ಜನವರಿಯಲ್ಲೇ ಒಬ್ಬ ಹೊರರಾಜ್ಯದ ಖರೀದಿದಾರರಿಗೆ 10,600ರಂತೆ ಒಪ್ಪಿಕೊಂಡಿದ್ದರು. ಮಾಲು ಏಪ್ರಿಲ್‌ನಲ್ಲಿ ಎತ್ತುವುದು ಎಂದಾಗಿತ್ತು. ಖಚಿತ ಮಾರಾಟ ಒಪ್ಪಂದಕ್ಕೆಂದು ಇಟ್ಟಿರುವ ಸರಕಿಗೆ ಒಪ್ಪಂದದ ಬೆಲೆಯೇ ಆಧಾರ, ಪೇಟೆಯ ದರವಲ್ಲ. ಒಪ್ಪಂದಕ್ಕಿಂತ ಹೆಚ್ಚಿರುವ ಸರಕಿಗೆ ಮಾತ್ರ ಸಾಮಾನ್ಯ ದರ. ಇಲ್ಲಿ ನಾನು ತಡೆದು ನಿಂತೆ. ಪೇಟೆ 9,000 ಇರುವಾಗ 10,600 ಕೊಡುತ್ತೇನೆ ಎಂದವರು ಕೈ ಎತ್ತುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಬಾಯಿ ಮಾತನ್ನು ಒಪ್ಪಂದ ಎಂದು ನಂಬಿದರೆ 120 ಕ್ವಿಂಟಲ್ ಮೇಲೆ 1,92,000 ರೂಪಾಯಿಯ ನಷ್ಟ ಕಣ್ಣಿಗೆ ಬೀಳದೇ ಹೋಗುತ್ತದೆ. ಯಜಮಾನರು ಸಹಿ ಇರುವ ಆರ್ಡರ್ ಪತ್ರವನ್ನೂ, ಫೆಬ್ರುವರಿಯಲ್ಲಿ ಬ್ಯಾಂಕಿಗೆ ಬಂದ 2 ಲಕ್ಷ ಮುಂಗಡವನ್ನೂ ತೋರಿಸಿದರು. ಅಷ್ಟಾದರೂ ಅಂತಿಮ ತೀರ್ಮಾನವನ್ನು ಏಪ್ರಿಲ್ ಮುಗಿಯುವವರೆಗೆ ಬಿಟ್ಟೆ. ಖರೀದಿದಾರರು ನಡುವೆ ಫೋನ್ ಮಾಡಿ ದರ ಇಳಿಸಿ ಎಂದು ಕೇಳಿದ್ದರಂತೆ. ಯಜಮಾನರು ಬಗ್ಗಲಿಲ್ಲ. ಏಪ್ರಿಲ್ ಕೊನೆಗೆ 120 ಕ್ವಿಂಟಲ್ ಪೂರ್ತಿ 10,600ರ ಬಿಲ್ಲಿಗೇ ಹೊರಟಿತು, ಹಣವೂ ಬಂತು. ವರ್ಷ ಮುಗಿದ ಮೇಲೆ ನಡೆದ ವಹಿವಾಟು ಮಾರ್ಚ್ 31ರಂದು ಇದ್ದ ಸ್ಥಿತಿಗೆ ಪುರಾವೆ ಒದಗಿಸಿದರೆ ಅದನ್ನು ಬಳಸಿಕೊಳ್ಳಬಹುದು, ಬಳಸಿಕೊಳ್ಳಬೇಕು.

ಮೂರನೆಯದು ಹೋಳು ಕೊಬ್ಬರಿ. ಇದು ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆ 40 ಕ್ವಿಂಟಲ್ ಮಾರಲು ಇಟ್ಟದ್ದಲ್ಲ, ಗಾಣಕ್ಕೆ ಹಾಕಲು ಇಟ್ಟದ್ದು. ಕಚ್ಚಾ ಮಾಲಿನ ಪೇಟೆ ದರ ಬಿದ್ದ ಮಾತ್ರಕ್ಕೆ ಅದರ ಬೆಲೆ ಇಳಿಸುವಂತಿಲ್ಲ. ಅದರಿಂದ ಆಗುವ ಸಿದ್ಧ ವಸ್ತು ತನ್ನ ವೆಚ್ಚವನ್ನಾದರೂ ವಾಪಸು ತರುತ್ತದೆಯೇ ಎಂದು ನೋಡಬೇಕು. ಇವರ ಗಾಣದ ಲೆಕ್ಕದಲ್ಲಿ ಒಂದು ಕ್ವಿಂಟಲ್ ಹೋಳಿನಿಂದ ಸುಮಾರು 60 ಕಿಲೋ ಎಣ್ಣೆ, 36 ಕಿಲೋ ಹಿಂಡಿ. ಎಣ್ಣೆಗೆ 190ರಂತೆ 11,400, ಹಿಂಡಿಗೆ 25ರಂತೆ 900, ಒಟ್ಟು 12,300. ಗಾಣದ ಕೂಲಿ, ವಿದ್ಯುತ್, ಸೋಸುವುದು, ಬಾಟಲಿ ಸೇರಿ 1,500. ಅಂಗಡಿಯವರ ಕಮಿಷನ್ 480. ಕಳೆದರೆ 10,320. ಕೊಂಡ ವೆಚ್ಚ 9,500. ಅಂದರೆ ಎಣ್ಣೆಯಾಗಿ ಹೊರಬರುವಾಗ ಈ ಕೊಬ್ಬರಿ ತನ್ನ ದುಡ್ಡನ್ನು ದುಡಿದುಕೊಳ್ಳುತ್ತದೆ. ಒಂದು ರೂಪಾಯಿಯನ್ನೂ ಇಳಿಸಬೇಕಿಲ್ಲ. ಎಣ್ಣೆಯ ದರವೂ 170ಕ್ಕೆ ಬಿದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆಗ ಉಳಿಯುವುದು 9,120 ಮಾತ್ರ, ಬೆಲೆ ಇಳಿಸಲೇಬೇಕಾಗುತ್ತಿತ್ತು.

ಇಷ್ಟು ಆಗುವಷ್ಟರಲ್ಲಿ ತಮ್ಮನವರು ಇನ್ನೊಂದು ದಾರಿ ಹುಡುಕಿದ್ದರು. ಪ್ಯಾಕ್ ಆದ ಎಣ್ಣೆಯ ವೆಚ್ಚ 168, ಮಾರಿದರೆ ಉಳಿಯುವುದು 182. ಅಂದರೆ 1,500 ಕಿಲೋದ ಮೇಲೆ 21,000 ರೂಪಾಯಿ ಬರಬೇಕಾದ ಲಾಭವಿದೆ. “ಅದನ್ನು ಕೊಬ್ಬರಿಯ ನಷ್ಟದಲ್ಲಿ ವಜಾ ಮಾಡಿದರೆ ಆಗುವುದಿಲ್ಲವೇ?” ಆಗುವುದಿಲ್ಲ. ಹೋಲಿಕೆ ಆಯಾ ಸರಕಿಗೆ ಪ್ರತ್ಯೇಕ. ಎಣ್ಣೆಯ ಲಾಭ ಎಣ್ಣೆ ಮಾರಿದ ದಿನ ಬರಲಿ. ಎಲ್ಲವನ್ನೂ ಒಟ್ಟು ಹಾಕಿ ನೋಡಿದರೆ, ಇನ್ನೂ ಬಾರದ ಲಾಭ ಈಗಾಗಲೇ ಆಗಿರುವ ನಷ್ಟವನ್ನು ಮುಚ್ಚಿಬಿಡುತ್ತದೆ.

ಕೊನೆಗೆ ನಿಂತ ಲೆಕ್ಕ ಹೀಗಿದೆ. ಒಪ್ಪಂದದ 120 ಕ್ವಿಂಟಲ್‌ಗೆ ಉಳಿಯುವುದು 10,400, ಇಳಿಕೆ ತಲಾ 800, ಒಟ್ಟು 96,000. ಉಳಿದ 180ಕ್ಕೆ ಉಳಿಯುವುದು 8,800, ಇಳಿಕೆ ತಲಾ 2,400, ಒಟ್ಟು 4,32,000. ಎರಡೂ ಸೇರಿ 5,28,000. ಹೋಳು ಕೊಬ್ಬರಿ ಮತ್ತು ಎಣ್ಣೆ ವೆಚ್ಚದಲ್ಲೇ ಉಳಿದವು. ಮೊದಲ ಕರಡಿಗಿಂತ ನಷ್ಟ ಸರಿಯಾಗಿ ಎರಡು ಲಕ್ಷ ಕಡಿಮೆ.

ಹೊಂದಾಣಿಕೆ ನಮೂದು, ಮತ್ತು ಎರಡು ಸಲ ಬಿದ್ದ ನಷ್ಟ

ಮಾರ್ಚ್ 31ರ ದಿನಾಂಕಕ್ಕೆ ಬರೆಯಲು ಹೇಳಿದ ನಮೂದು ಇದು:

ದಾಸ್ತಾನು ಮೌಲ್ಯ ಇಳಿಕೆ ಖಾತೆ, ಡೆಬಿಟ್ 5,28,000
ದಾಸ್ತಾನು ಮೌಲ್ಯ ಇಳಿಕೆ ಮೀಸಲು ಖಾತೆಗೆ, ಕ್ರೆಡಿಟ್ 5,28,000
(ಉಂಡೆ ಕೊಬ್ಬರಿ 300 ಕ್ವಿಂಟಲ್, ವೆಚ್ಚದಿಂದ ನಿವ್ವಳ ವಸೂಲಿ ಮೌಲ್ಯಕ್ಕೆ ಇಳಿಸಿದ್ದು)

ಡೆಬಿಟ್ ಆದದ್ದು ಲಾಭ ನಷ್ಟ ಖಾತೆಗೆ ಹೋಗುತ್ತದೆ. ಕ್ರೆಡಿಟ್ ಆದ ಮೀಸಲನ್ನು ಆಸ್ತಿ ಹೊಣೆ ಪಟ್ಟಿಯಲ್ಲಿ ದಾಸ್ತಾನಿನಿಂದ ಕಳೆದು ತೋರಿಸುತ್ತೇವೆ: 39,92,000ರಲ್ಲಿ 5,28,000 ಕಳೆದು 34,64,000. ದಾಸ್ತಾನು ಖಾತೆಯನ್ನೇ ನೇರವಾಗಿ ಕ್ರೆಡಿಟ್ ಮಾಡಬಹುದು, ಅದೂ ಸರಿ. ಮೀಸಲು ಖಾತೆ ಇಟ್ಟರೆ ಮೂಲ ವೆಚ್ಚ ಕಣ್ಣ ಮುಂದೆ ಇರುತ್ತದೆ. ಮುಂದೆ ಬೆಲೆ ಏರಿದರೆ ಎಲ್ಲಿಯವರೆಗೆ ವಾಪಸು ಏರಿಸಬಹುದು ಎಂಬ ಮಿತಿ ಆ ವೆಚ್ಚವೇ ಆದ್ದರಿಂದ ನನಗೆ ಈ ಕ್ರಮ ಇಷ್ಟ.

ಎರಡು ದಿನ ಬಿಟ್ಟು ಬಂದ ಲೆಕ್ಕಪಟ್ಟಿಯಲ್ಲಿ 1,16,000 ರೂಪಾಯಿ ನಷ್ಟ ಕಾಣಿಸಿತು. ಬೆಲೆ ಇಳಿಸುವ ಮೊದಲು ಇದ್ದ ಲಾಭ 9,40,000. ಅದರಲ್ಲಿ 5,28,000 ಹೋದರೆ 4,12,000 ಲಾಭ ಉಳಿಯಬೇಕು. ಯಜಮಾನರು ಪಟ್ಟಿ ನೋಡಿ ಏನೂ ಮಾತನಾಡಲಿಲ್ಲ. ಹುಡುಗಿ ಮೂರು ಸಲ ಕೂಡಿಸಿ ನೋಡಿದಳು, ಕೂಡಿಕೆ ಸರಿಯಿತ್ತು.

ಕೂಡಿಕೆ ಬಿಟ್ಟು ಬೆಲೆಯನ್ನು ನೋಡಿದೆವು. ಪಟ್ಟಿಯಲ್ಲಿ ನಿವ್ವಳ ದಾಸ್ತಾನು 29,36,000 ಎಂದಿತ್ತು. ಅದರಿಂದ ಹೋಳು ಕೊಬ್ಬರಿಯ 3,80,000ವನ್ನೂ ಎಣ್ಣೆಯ 2,52,000ವನ್ನೂ ತೆಗೆದರೆ ಉಂಡೆ ಕೊಬ್ಬರಿಗೆ ಉಳಿಯುವುದು 23,04,000. 300ರಿಂದ ಭಾಗಿಸಿದರೆ ಕ್ವಿಂಟಲ್‌ಗೆ 7,680. “ಈ ದರಕ್ಕೆ ಯಾರು ಕೊಟ್ಟರು?” ಎಂದರು ಯಜಮಾನರು. ಪೇಟೆಯಲ್ಲಿ ಅಂಥ ದರವೇ ಇರಲಿಲ್ಲ. ಅಲ್ಲಿಗೆ ಗಂಟು ಬಿಚ್ಚಿತು. ಈ ಸಂಸ್ಥೆಯ ಪುಸ್ತಕದಲ್ಲಿ ಅಂತಿಮ ದಾಸ್ತಾನನ್ನು ವರ್ಷದ ಕೊನೆಗೆ ಕೈಯಿಂದ ತುಂಬುತ್ತಾರೆ. ಹುಡುಗಿ ಅಲ್ಲಿ ಇಳಿಸಿದ ಬೆಲೆಯನ್ನೇ, ಅಂದರೆ 34,64,000ವನ್ನೇ ತುಂಬಿದ್ದಳು. ಅದರ ಮೇಲೆ ಹೊಂದಾಣಿಕೆ ನಮೂದನ್ನೂ ಹಾಕಿದ್ದಳು. ಒಂದೇ ನಷ್ಟ ಎರಡು ಸಲ ಬಿದ್ದಿತ್ತು. ಅಂತಿಮ ದಾಸ್ತಾನನ್ನು ವೆಚ್ಚಕ್ಕೆ ತುಂಬಿ ನಮೂದು ಹಾಕಬೇಕು, ಇಲ್ಲವೇ ಇಳಿಸಿದ ಬೆಲೆಗೆ ತುಂಬಿ ನಮೂದು ಬಿಡಬೇಕು. ಅಂತಿಮ ದಾಸ್ತಾನನ್ನು 39,92,000ಕ್ಕೆ ಸರಿಪಡಿಸಿದೆವು. ಉಂಡೆ ಕೊಬ್ಬರಿಯ ಸರಾಸರಿ 9,440ಕ್ಕೆ ಬಂತು. ಅದು ಒಪ್ಪಂದದ 10,400 ಮತ್ತು ಪೇಟೆಯ 8,800ರ ನಡುವೆ ಇರುವುದರಿಂದ ನಂಬಬಹುದಾದ ಅಂಕಿ.

ಮುಂದೆ ಆದದ್ದು

ಆದಾಯ ತೆರಿಗೆಯಲ್ಲಿ ಈ ಇಳಿಕೆಗೆ ತೊಂದರೆ ಬರಲಿಲ್ಲ. ಆಗ ಜಾರಿಯಲ್ಲಿದ್ದ 1961ರ ಕಾಯ್ದೆಯ 145ಎ ಕಲಮು ಕೂಡ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯದಲ್ಲಿ ಕಡಿಮೆಯದಕ್ಕೇ ಕಟ್ಟಬೇಕು ಎನ್ನುತ್ತಿತ್ತು. ಜಿಎಸ್‌ಟಿಯ ಬಗ್ಗೆ ತಮ್ಮನವರಿಗೆ ಭಯವಿತ್ತು: ಬೆಲೆ ಇಳಿಸಿದರೆ ಖರೀದಿಯ ಮೇಲೆ ಪಡೆದ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕೇ ಎಂದು. 17(5) ಕಲಮು ಹೇಳುವುದು ಕಳೆದುಹೋದ, ನಾಶವಾದ ಅಥವಾ ಪುಸ್ತಕದಿಂದ ವಜಾ ಮಾಡಿದ ಸರಕಿನ ಮಾತು. ಇಲ್ಲಿ ಸರಕು ಗೋದಾಮಿನಲ್ಲೇ ಇತ್ತು, ಮಾರಾಟಕ್ಕೂ ಇತ್ತು. ಬೆಲೆ ಮಾತ್ರ ಇಳಿದದ್ದು. ಹಾಗಾಗಿ ನಾವು ಹಿಂದಿರುಗಿಸಲಿಲ್ಲ. ಗೋದಾಮಿನಲ್ಲಿ ಒಂದಷ್ಟು ಕೊಬ್ಬರಿ ಕೊಳೆತು ಎಸೆಯಬೇಕಾಗಿ ಬಂದಿದ್ದರೆ ಆ ಭಾಗದ ಮಾತು ಬೇರೆಯಾಗುತ್ತಿತ್ತು.

ಬ್ಯಾಂಕಿನಲ್ಲಿ ಭಯಪಟ್ಟಂತೆಯೇ ಆಯಿತು. ಇಳಿಸಿದ ಬೆಲೆಯ ದಾಸ್ತಾನು ಪಟ್ಟಿ ಕೊಟ್ಟ ಮೇಲೆ ಹಣ ತೆಗೆಯುವ ಮಿತಿ 3,96,000 ಕಡಿಮೆಯಾಯಿತು. ಅದನ್ನು ತುಂಬಿಕೊಡಲು ಯಜಮಾನರು ಕೂಡಲೇ 60 ಕ್ವಿಂಟಲ್ ಪೇಟೆಗೆ ಬಿಟ್ಟರು. ಸಿಕ್ಕ ದರ 8,950. ಖರ್ಚು ಕಳೆದು 8,750. ನಮ್ಮ ಅಂದಾಜಿಗೂ ಅದಕ್ಕೂ 50 ರೂಪಾಯಿ ಅಂತರ. ಬೆಲೆ ಏರುತ್ತದೆ ಎಂದು ಹಿಡಿದುಕೊಂಡಿದ್ದ ಸರಕನ್ನು ಬ್ಯಾಂಕಿನ ಒತ್ತಡಕ್ಕೆ ಮಾರಬೇಕಾದದ್ದು ಅವರಿಗೆ ಬೇಸರ ತಂದಿತು. ಆದರೆ ಮಿತಿ ಮೀರಿ ತೆಗೆದ ಹಣಕ್ಕೆ ದಂಡದ ಬಡ್ಡಿ ಕಟ್ಟುವುದು ತಪ್ಪಿತು. ಒಪ್ಪಂದವಿಲ್ಲದ 180ರಲ್ಲಿ ಉಳಿದ 120 ಕ್ವಿಂಟಲ್ ಆಗಸ್ಟ್ ಒಳಗೆ ಹೋಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಕೊಬ್ಬರಿ ಮಾರಾಟವಾದ ಮೇಲೆ ಮೀಸಲು ಖಾತೆಯ 5,28,000ವನ್ನು ಹೊಸ ವರ್ಷದಲ್ಲಿ ಡೆಬಿಟ್ ಮಾಡಿ ಮಾರಿದ ಸರಕಿನ ವೆಚ್ಚದಿಂದ ಕಡಿಮೆ ಮಾಡಬೇಕು. ಆರಂಭಿಕ ದಾಸ್ತಾನು ಖಾತೆಯಲ್ಲಿ ವೆಚ್ಚಕ್ಕೇ ನಿಂತಿರುತ್ತದೆಯಲ್ಲ, ಮೀಸಲನ್ನು ಹಾಗೇ ಬಿಟ್ಟರೆ ಹೋದ ವರ್ಷ ಬರೆದ ನಷ್ಟ ಈ ವರ್ಷ ಮತ್ತೆ ಬೀಳುತ್ತದೆ, ಮತ್ತು ಮಾರಿಹೋದ ಸರಕಿನ ಮೀಸಲು ಪಟ್ಟಿಯಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಈ ಬಾರಿ ಹುಡುಗಿ ನಾನು ಹೇಳುವ ಮೊದಲೇ ನಮೂದು ಬರೆದಿಟ್ಟಿದ್ದಳು.

2024ರ ಮಾರ್ಚ್‌ನಲ್ಲಿ ಮತ್ತೆ ಆ ಗೋದಾಮಿಗೆ ಹೋದಾಗ ಅವಳ ಎಣಿಕೆ ಪಟ್ಟಿಯಲ್ಲಿ ಒಂದು ಹೊಸ ಅಂಕಣವಿತ್ತು: ಈ ಚೀಲ ಯಾರಿಗಾಗಿ ಇಟ್ಟದ್ದು, ಪೇಟೆಗೋ, ಗಾಣಕ್ಕೋ, ಒಪ್ಪಂದಕ್ಕೋ. ಒಪ್ಪಂದ ಎಂದು ಬರೆದ ಪ್ರತಿ ಸಾಲಿನ ಹಿಂದೆ ಆರ್ಡರ್ ಪತ್ರದ ನಕಲು ಪಿನ್ ಮಾಡಿತ್ತು. ಒಂದು ಸಾಲಿನ ಹಿಂದೆ ಮಾತ್ರ ಕಾಗದವಿರಲಿಲ್ಲ. ಯಜಮಾನರು ಫೋನಿನಲ್ಲಿ ಮಾತಾಗಿದೆ ಎಂದಿದ್ದರಂತೆ. ಅವಳು ಅದನ್ನು ಪೇಟೆಯ ಅಂಕಣಕ್ಕೇ ಹಾಕಿದ್ದಳು.